ಮಟ್ಟುಗುಳ್ಳ ಬದನೆ ಬೀಜ: 30ಕ್ಕೆ 40 ರೂಪಾಯಿ, ಸಸಿನೂ ಇದೆ

ನಮ್ಮ ಹಿತ್ತಲಲ್ಲೇ ಕಾಯಿ ಪೂರ್ತಿ ಹಣ್ಣಾಗೋಕೆ ಬಿಟ್ಟು ತೆಗೆದ ಈ ವರ್ಷದ ಬೀಜ, ನೆರಳಲ್ಲಿ ಒಣಗಿಸಿ ಬೂದಿ ಹಚ್ಚಿಟ್ಟಿದ್ದು. ನಾನೇ ಹಾಕಿ ನೋಡ್ದಾಗ 30ರಲ್ಲಿ 23 ಮೊಳಕೆ ಬಂತು, 7ರಿಂದ 12 ದಿನ ಬೇಕು, ಚಳಿ ಇದ್ರೆ ಇನ್ನೂ ಲೇಟು, ದಯವಿಟ್ಟು ಐದನೇ ದಿನಕ್ಕೇ ಮಣ್ಣು ಕೆದಕಬೇಡಿ. ಕಾಲು ಇಂಚು ಆಳ ಸಾಕು, ನೀರು ಚಿಮುಕಿಸಿ, ನಾಲ್ಕೈದು ಎಲೆ ಬಂದ್ಮೇಲೆ ಎರಡಡಿ ಅಂತರ ಬಿಟ್ಟು ನೆಡಿ, ಬಿಸಿಲು ಬೇಕೇ ಬೇಕು. ತುದಿ ಬಾಡಿದ್ರೆ ಕಾಂಡ ಕೊರೆಯೋ ಹುಳ, ಕತ್ತರಿಸಿ ಸುಟ್ಹಾಕಿ.

ಬೀಜ ಪೇಪರ್ ಕವರಲ್ಲಿ ವರ್ಷವಿಡೀ ಕಳಿಸ್ತೀನಿ. ಸಸಿ ಒಂದಕ್ಕೆ 25, ಬೇರಿಗೆ ಒದ್ದೆ ತೆಂಗಿನ ನಾರು ಸುತ್ತಿ ತೂತು ಮಾಡಿದ ರಟ್ಟಿನ ಬಾಕ್ಸಲ್ಲಿ, ಅಕ್ಟೋಬರಿಂದ ಜನವರಿವರೆಗೆ ಮಾತ್ರ, ಮೇ ಬಿಸಿಲಿಗೆ ದಾರೀಲೇ ಬಾಡುತ್ತೆ, ಮಳೆಗಾಲದಲ್ಲಿ ಕೊಳೆಯುತ್ತೆ.