ಐಗನ್ ವೆಕ್ಟರ್ ಲೆಕ್ಕದಲ್ಲಿ ಅಂಕ ಎಲ್ಲಿ ಹೋಯಿತು: ಎರಡನೇ ಇಂಟರ್ನಲ್ ನಂತರದ ಟಿಪ್ಪಣಿ

ವಿದ್ಯಾರ್ಥಿಗಳೇ,

ಉತ್ತರ ಪತ್ರಿಕೆಗಳನ್ನು ಶುಕ್ರವಾರ ಕೊಡುತ್ತೇನೆ. ಅದಕ್ಕೂ ಮೊದಲು ಇದನ್ನು ಓದಿಕೊಂಡು ಬನ್ನಿ. ಹೆಚ್ಚಿನವರಿಗೆ ವಿಧಾನ ಗೊತ್ತಿದೆ. ಅಂಕ ಹೋಗಿರುವುದು ನಾಲ್ಕೈದು ಕಡೆ ಮಾತ್ರ, ಅದೂ ಎಲ್ಲರದ್ದೂ ಹೆಚ್ಚುಕಡಿಮೆ ಅವೇ ಜಾಗಗಳಲ್ಲಿ. ಪ್ರಶ್ನೆ 3(ಬಿ)ಯ ಮ್ಯಾಟ್ರಿಕ್ಸನ್ನೇ ಇಟ್ಟುಕೊಂಡು ನೋಡೋಣ:

```
A =  8  -6   2
    -6   7  -4
     2  -4   3
```

ಸಮೀಕರಣ ಬರೆಯುವಾಗ

ಇದರ ಕ್ಯಾರೆಕ್ಟರಿಸ್ಟಿಕ್ ಸಮೀಕರಣ λ³ − S₁λ² + S₂λ − |A| = 0. S₁ ಎಂದರೆ ಡಯಾಗನಲ್ ಸಂಖ್ಯೆಗಳ ಮೊತ್ತ, 8 + 7 + 3 = 18. ಇಲ್ಲಿ ಯಾರೂ ತಪ್ಪಿಲ್ಲ. ಎಡವಿರುವುದು S₂ನಲ್ಲಿ. ಡಯಾಗನಲ್ ಸಂಖ್ಯೆಗಳ ಮೈನರ್‌ಗಳು 5, 20, 20. ಡಿಟರ್ಮಿನಂಟ್ ಬಿಡಿಸುವ ಅಭ್ಯಾಸದಲ್ಲಿ +, −, + ಚಿಹ್ನೆ ಹಾಕಿ 5 − 20 + 20 = 5 ಎಂದು ಬರೆದವರು ಬಹಳ ಮಂದಿ. ಆ ಚಿಹ್ನೆಗಳು ಒಂದೇ ಸಾಲಿನ ಉದ್ದಕ್ಕೆ ಬಿಡಿಸುವಾಗ ಬರುವಂಥವು. ಡಯಾಗನಲ್ ಮೇಲಿನ ಮೂರು ಜಾಗಗಳಿಗೂ ಚಿಹ್ನೆ ಪ್ಲಸ್ಸೇ. ಹಾಗಾಗಿ S₂ = 45. |A| = 0.

ಸಮೀಕರಣ λ³ − 18λ² + 45λ = 0 ಆಯಿತು. ಎರಡೂ ಕಡೆ λದಿಂದ ಭಾಗಿಸಿ, λ = 3, 15 ಎಂದು ನಿಲ್ಲಿಸಿದರೆ ಒಂದು ಮೂಲವೇ ಮಾಯ. ಭಾಗಿಸಬೇಡಿ, λ(λ − 3)(λ − 15) = 0 ಎಂದು ಅಪವರ್ತಿಸಿ. ಸೊನ್ನೆ ಐಗನ್ ವ್ಯಾಲ್ಯೂ ಆಗಬಹುದು. ಆಗಬಾರದ್ದು ಸೊನ್ನೆ ವೆಕ್ಟರ್. ಇವೆರಡನ್ನೂ ಕಲಸಿಕೊಂಡ ಪತ್ರಿಕೆಗಳು ಕಡಿಮೆಯೇನಿಲ್ಲ.

ಮುಂದೆ ಹೋಗುವ ಮೊದಲು ಎರಡು ಪರೀಕ್ಷೆ: λಗಳ ಮೊತ್ತ S₁ ಆಗಬೇಕು (0 + 3 + 15 = 18), ಗುಣಲಬ್ಧ |A| ಆಗಬೇಕು (0). ಹತ್ತು ಸೆಕೆಂಡಿನ ಕೆಲಸ. ಆದರೆ ಬರೀ ಈ ಎರಡನ್ನೇ ನಂಬಬೇಡಿ, S₂ ತಪ್ಪಿದ್ದರೂ ಮೊತ್ತ, ಗುಣಲಬ್ಧ ಎರಡೂ ಸರಿ ಬರುತ್ತವೆ. ಜೋಡಿ ಗುಣಲಬ್ಧಗಳ ಮೊತ್ತವನ್ನೂ ನೋಡಿ: 0·3 + 3·15 + 15·0 = 45.

ಇನ್ನೊಂದು ಮಾತು. λ ಹುಡುಕುವ ಮೊದಲೇ Aಗೆ ರೋ ಆಪರೇಷನ್ ಮಾಡಿ ಸೊನ್ನೆ ತರಿಸಿಕೊಳ್ಳುವುದು ಚುರುಕುತನ ಎನಿಸಬಹುದು, ಆದರೆ ಐಗನ್ ವ್ಯಾಲ್ಯೂಗಳೇ ಬದಲಾಗುತ್ತವೆ. [1 1; 1 1]ಕ್ಕೆ λ = 0, 2. ಎರಡನೇ ಸಾಲಿನಿಂದ ಮೊದಲನೆಯದನ್ನು ಕಳೆದರೆ [1 1; 0 0], ಅದಕ್ಕೆ λ = 0, 1. ರೋ ಆಪರೇಷನ್‌ಗೆ ಜಾಗ λ ಸಿಕ್ಕ ಮೇಲೆ, A − λI ಮೇಲೆ.

ವೆಕ್ಟರ್ ಹುಡುಕುವಾಗ

λ = 3 ತೆಗೆದುಕೊಳ್ಳಿ. 3ನ್ನು ಡಯಾಗನಲ್‌ನಿಂದ ಮಾತ್ರ ಕಳೆಯಬೇಕು:

```
5x - 6y + 2z = 0
-6x + 4y - 4z = 0
2x - 4y + 0z = 0
```

ಮೊದಲ ಎರಡು ಸಾಲಿಗೆ ಅಡ್ಡ ಗುಣಾಕಾರ ಮಾಡಿದರೆ x/16 = −y/(−8) = z/(−16). ಮಧ್ಯದ ಆ ಮೈನಸ್ಸನ್ನು ಬರೆಯದೆ ಬಿಟ್ಟವರಿಗೆ (2, −1, −2) ಬಂದಿದೆ. ಸರಿಯಾದದ್ದು (2, 1, −2). ತಪ್ಪು ಹಿಡಿಯುವುದು ಸುಲಭ: A ಯ ಮೊದಲ ಸಾಲಿಗೆ (2, −1, −2) ಗುಣಿಸಿ, 16 + 6 − 4 = 18. ಬರಬೇಕಾದದ್ದು 3 × 2 = 6. ಮೊದಲ ಸಾಲಿನಲ್ಲೇ ಗುಟ್ಟು ರಟ್ಟು.

ಮೂರನೇ ಸಾಲಿನಲ್ಲಿ zನ ಗುಣಾಂಕ ಸೊನ್ನೆ ಎಂದು ನೋಡಿ “z = 0” ಎಂದು ಬರೆದವರಿದ್ದೀರಿ. ಆ ಸಾಲು z ಬಗ್ಗೆ ಏನೂ ಹೇಳುವುದೇ ಇಲ್ಲ. ಅದು ಹೇಳುವುದು x = 2y ಅಂತ. ಅದನ್ನು ಮೊದಲ ಸಾಲಿಗೆ ಹಾಕಿದರೆ 4y + 2z = 0, z = −2y. ಅಡ್ಡ ಗುಣಾಕಾರಕ್ಕಿಂತ ಇದೇ ಬೇಗ, ತಪ್ಪೂ ಕಡಿಮೆ. ಸೊನ್ನೆ ಇರುವ ಸಾಲು ಕಂಡರೆ ಅಲ್ಲಿಂದಲೇ ಶುರು ಮಾಡಿ.

x = y = z = 0 ಬಂದರೆ “ಐಗನ್ ವೆಕ್ಟರ್ ಇಲ್ಲ” ಎಂದು ಬರೆದು ಮುಗಿಸಬೇಡಿ. λ ಸರಿ ಇದ್ದರೆ ಸೊನ್ನೆಯಲ್ಲದ ವೆಕ್ಟರ್ ಇದ್ದೇ ಇರುತ್ತದೆ. ಕಾರಣ ಎರಡರಲ್ಲೊಂದು: λ ತಪ್ಪು, ಇಲ್ಲವೇ ಅಡ್ಡ ಗುಣಾಕಾರಕ್ಕೆ ನೀವು ಆರಿಸಿದ ಎರಡು ಸಾಲುಗಳು ಒಂದರ ಗುಣಕ ಇನ್ನೊಂದು. ಎರಡನೆಯದಾದರೆ ಬೇರೆ ಸಾಲು ಆರಿಸಿ. ಮೂರೂ ಸಾಲು ಒಂದೇ ಆಗಿದ್ದರೆ ಅಡ್ಡ ಗುಣಾಕಾರ ನಡೆಯುವುದಿಲ್ಲ. 4(ಎ)ಯಲ್ಲಿ ಆದದ್ದು ಇದೇ.

ಒಂದೇ ಬೆಲೆ ಎರಡು ಸಲ ಬಂದಾಗ

4(ಎ)ಯ ಮ್ಯಾಟ್ರಿಕ್ಸ್ [2 1 1; 1 2 1; 1 1 2], λ = 1, 1, 4. λ = 1ಕ್ಕೆ ಮೂರು ಸಾಲೂ x + y + z = 0. ಒಂದೇ ಸಮೀಕರಣ, ಮೂರು ಅವ್ಯಕ್ತಗಳು, ಹಾಗಾಗಿ ಎರಡನ್ನು ನಾವೇ ಆರಿಸಬಹುದು. y = −1, z = 0 ಇಟ್ಟರೆ (1, −1, 0). y = 0, z = −1 ಇಟ್ಟರೆ (1, 0, −1). ಎರಡು ವೆಕ್ಟರ್ ಸಿಕ್ಕವು.

ಕೆಲವರು (1, −1, 0), (−1, 1, 0) ಎಂದು ಬರೆದಿದ್ದೀರಿ. ಅದು ಒಂದೇ ವೆಕ್ಟರ್, ಚಿಹ್ನೆ ಮಾತ್ರ ತಿರುಗಿದೆ. ಅದನ್ನು Pಯಲ್ಲಿ ಹಾಕಿದರೆ |P| = 0, P⁻¹ ಇರುವುದೇ ಇಲ್ಲ.

ಪ್ರಶ್ನೆಯಲ್ಲಿ “ಆರ್ಥಾಗನಲ್” ಪದವಿದ್ದರೆ ಇನ್ನೊಂದು ಹೆಜ್ಜೆ ಇದೆ. (1, −1, 0) ಮತ್ತು (1, 0, −1)ರ ಡಾಟ್ ಪ್ರಾಡಕ್ಟ್ 1, ಸೊನ್ನೆಯಲ್ಲ. ಸಿಮೆಟ್ರಿಕ್ ಮ್ಯಾಟ್ರಿಕ್ಸ್ ಆದರೂ ತಾನಾಗಿಯೇ ಲಂಬ ಬರುವುದು ಬೇರೆ ಬೇರೆ λಗಳ ವೆಕ್ಟರ್‌ಗಳು ಮಾತ್ರ. ಒಂದೇ λ ಒಳಗೆ ನಾವೇ ಹುಡುಕಬೇಕು: a + b + c = 0 ಜೊತೆಗೆ a − b = 0 ಎಂದು ಬಿಡಿಸಿದರೆ (1, 1, −2).

ಹಾಗೆಂದು ಎರಡು ಸಲ ಬಂದ λಗೆ ಯಾವಾಗಲೂ ಎರಡು ವೆಕ್ಟರ್ ಸಿಗುತ್ತವೆ ಎಂದುಕೊಳ್ಳಬೇಡಿ. [2 1; 0 2]ರಲ್ಲಿ λ = 2, 2, ಆದರೆ ಸಿಗುವ ಸಮೀಕರಣ y = 0 ಒಂದೇ. ಉತ್ತರ (1, 0), ಅಷ್ಟೇ. ಜೋಡಿ ಮಾಡಲು (0, 1) ಸೇರಿಸಿದರೆ A(0, 1) = (1, 2) ಬರುತ್ತದೆ, ಅದು (0, 2) ಅಲ್ಲ. ಇಲ್ಲಿ “ಡಯಾಗನಲೈಸ್ ಆಗುವುದಿಲ್ಲ” ಎಂದು ಬರೆದರೆ ಪೂರ್ತಿ ಅಂಕ.

P, D ಬರೆಯುವಾಗ

ವೆಕ್ಟರ್‌ಗಳು Pಯ ಕಂಬಸಾಲುಗಳು, ಅಡ್ಡಸಾಲುಗಳಲ್ಲ. D ಯಲ್ಲಿ λಗಳ ಕ್ರಮ ಅದೇ ಇರಬೇಕು. 3(ಬಿ)ಯಲ್ಲಿ 0, 3, 15ಕ್ಕೆ ಕ್ರಮವಾಗಿ (1, 2, 2), (2, 1, −2), (2, −2, 1). ಮೂರರ ಉದ್ದವೂ 3. PᵀAP ಲೆಕ್ಕ ಹಾಕಿ ಡಯಾಗನಲ್‌ನಲ್ಲಿ 0, 27, 135 ಬಂದವರು ಉದ್ದದಿಂದ ಭಾಗಿಸುವುದನ್ನು ಮರೆತಿದ್ದೀರಿ. P⁻¹AP ಕೇಳಿದ್ದರೆ ಭಾಗಿಸದಿದ್ದರೂ ನಡೆಯುತ್ತದೆ. Pᵀ ಬಳಸುವಾಗ ಮಾತ್ರ ಭಾಗಿಸಲೇಬೇಕು.

ನಿಮ್ಮ ಉತ್ತರ ಪಕ್ಕದವರದ್ದರ ಎರಡು ಪಟ್ಟೋ ಮೈನಸ್ಸೋ ಆಗಿದ್ದರೆ ಅಳಿಸಬೇಡಿ, ಎರಡೂ ಸರಿ. ಸರಿಯಾದ ಉತ್ತರಗಳನ್ನೇ ಅಡ್ಡಗೆರೆ ಎಳೆದು ಹೊಡೆದುಹಾಕಿದ ಪತ್ರಿಕೆಗಳೂ ಸಿಕ್ಕಿವೆ, ನೋಡಿ ಬೇಜಾರಾಯಿತು.

ಸೋಮವಾರಕ್ಕೆ: [6 −2 2, −2 3 −1, 2 −1 3]. ಇದರ λಗಳಲ್ಲಿ ಒಂದು 8. ಉಳಿದವನ್ನು ಕಂಡುಹಿಡಿದು, ಪರಸ್ಪರ ಲಂಬವಾದ ಮೂರು ವೆಕ್ಟರ್ ಬರೆದು, ಪ್ರತಿಯೊಂದರ ಪಕ್ಕ AX = λX ಪರೀಕ್ಷೆಯನ್ನು ಮೂರೂ ಸಾಲಿಗೆ ತೋರಿಸಿ ತನ್ನಿ. ಪರೀಕ್ಷೆ ಇಲ್ಲದ ಹಾಳೆಯನ್ನು ತೆಗೆದುಕೊಳ್ಳುವುದಿಲ್ಲ.