ಜಿಪ್ಸಮ್ ಹಾಕಿದೆವು, ಭತ್ತ ಹೆಚ್ಚಲಿಲ್ಲ

ಎಲ್ಲರಿಗೂ ನಮಸ್ಕಾರ. ಮೊದಲೇ ಹೇಳಿಬಿಡುತ್ತೇನೆ, ನಾವು ಅಂದುಕೊಂಡಿದ್ದು ಆಗಲಿಲ್ಲ.

ಸಿಂಧನೂರು ತಾಲ್ಲೂಕಿನ ಒಂದು ಸವಳು ಗದ್ದೆಯಲ್ಲಿ 12 ಮಡಿ ಮಾಡಿದ್ದೆವು. ಚೀಟಿ ಎತ್ತಿ ಆರಕ್ಕೆ ಜಿಪ್ಸಮ್ ಹಾಕಿದೆವು, ಉಳಿದ ಆರನ್ನು ಹಾಗೇ ಬಿಟ್ಟೆವು. ಕೊಯ್ದು ತೂಗಿದರೆ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇಲ್ಲ. ಈ ಚಿತ್ರದ ಚುಕ್ಕೆ ನೋಡಿ. ಬಣ್ಣ ತೆಗೆದರೆ ಯಾವುದು ಯಾವುದೆಂದು ನನಗೂ ಗೊತ್ತಾಗುವುದಿಲ್ಲ. 7ನೇ ಮಡಿಯ ಬದು ಒಡೆದು ನೀರು ಪಕ್ಕಕ್ಕೆ ನುಗ್ಗಿತ್ತು. ಅದನ್ನು ಬಿಟ್ಟೂ ಲೆಕ್ಕ ಹಾಕಿದೆವು, ಉತ್ತರ ಅದೇ.

ಹಾಗಂತ ಜಿಪ್ಸಮ್ ದಂಡ ಅನ್ನುತ್ತಿಲ್ಲ. ಅದರ ಕ್ಯಾಲ್ಸಿಯಂ ಮಣ್ಣಿಗೆ ಅಂಟಿದ ಸೋಡಿಯಂ ಬಿಡಿಸುತ್ತದೆ. ಬಿಡಿಸಿದ್ದು ಹೊರಗೆ ಹೋಗಬೇಕಲ್ವಾ? ಅಲ್ಲಿ ಬಸಿಗಾಲುವೆಯೇ ಇರಲಿಲ್ಲ. ಮೊಳದಾಳ ಗುಂಡಿ ತೋಡಿದರೆ ನೀರು ಒಸರುತ್ತಿತ್ತು. ಇದೇ ಕಾರಣ ಎಂಬುದು ನಮ್ಮ ಊಹೆ, ಅಳೆದಿಲ್ಲ. ಮಡಿಗಳೂ ಕಡಿಮೆ, ಒಂದೇ ಹಂಗಾಮು. ಸಣ್ಣ ಲಾಭವಿದ್ದರೆ ನಮಗೆ ಕಂಡಿರಲಿಕ್ಕಿಲ್ಲ.

ಮತ್ತೆ ಯಾಕೆ ಹೇಳುತ್ತಿದ್ದೇನೆ? ಗೆದ್ದ ಪ್ರಯೋಗ ಮಾತ್ರ ಅಚ್ಚಾದರೆ ಜಿಪ್ಸಮ್ ಎಲ್ಲ ಕಡೆ ನಡೆಯುತ್ತದೆ ಎಂದೇ ಕಾಣುತ್ತದೆ. ರೊಕ್ಕ ಹಾಕುವವರು ರೈತರು. ಗದ್ದೆಯ ಯಜಮಾನರು ಕೇಳಿದರು, “ತಮ್ಮಾ, ಮುಂದಿನ ಸಲ ಜಿಪ್ಸಮ್ ತರ್ಲೇನು, ಕಾಲುವೆ ತೋಡಿಸ್ಲೇನು?” ಕಾಲುವೆ ಮೊದಲು ಅಂದೆ.

ಈ ಬೇಸಿಗೆಯಲ್ಲಿ ಅಲ್ಲೇ ತೋಡುತ್ತೇವೆ. ಅಂಕಿಅಂಶ ಬೇಕಾದವರು ಊಟದ ಹೊತ್ತಿಗೆ ಪೆನ್‌ಡ್ರೈವ್ ತನ್ನಿ.