ಜನವರಿ 18ರ ನೀರಿನ ಸಭೆ: ವಿಷಯ ಪಟ್ಟಿ, ಓದಿಕೊಂಡು ಬರಬೇಕಾದ ಕಾಗದಗಳು

ಸಮಿತಿಯ ಸದಸ್ಯರಿಗೆ, ಮೂರೂ ಬ್ಲಾಕಿನ ಪ್ರತಿನಿಧಿಗಳಿಗೆ ಮತ್ತು ಎಲ್ಲ 84 ಮನೆಯವರಿಗೆ ನಮಸ್ಕಾರ.

ಸಂಕ್ರಾಂತಿ ಆದ ಮೇಲಿನ ಭಾನುವಾರ, ಅಂದರೆ 2026ರ ಜನವರಿ 18ರಂದು ಬೆಳಿಗ್ಗೆ 10:30ಕ್ಕೆ ಎ ಬ್ಲಾಕ್ ನೆಲಮಹಡಿಯ ಹಾಲ್‌ನಲ್ಲಿ ಸೇರೋಣ. 12:30ಕ್ಕೆ ಮುಗಿಸಲೇಬೇಕು, ಆಮೇಲೆ ಹಾಲ್ ಒಂದು ನಾಮಕರಣಕ್ಕೆ ಬುಕ್ ಆಗಿದೆ. ಈ ಸಲ ಮಾತಾಡುವುದು ನೀರಿನ ಬಗ್ಗೆ ಮಾತ್ರ. ಮಾರ್ಚ್ ಬಂದ ಮೇಲೆ ಟ್ಯಾಂಕರ್‌ನವರಿಗೆ ಫೋನ್ ಮಾಡುತ್ತಾ ಸಭೆ ಮಾಡುವುದಕ್ಕಿಂತ, ಬೋರ್‌ವೆಲ್‌ನಲ್ಲಿ ಇನ್ನೂ ನೀರಿರುವಾಗಲೇ ಕೂತು ಮಾತಾಡುವುದು ಮೇಲು ಅಲ್ವಾ?

ಕಾಗದಗಳನ್ನು ಹತ್ತು ದಿನ ಮೊದಲೇ ಕಳಿಸುತ್ತಿದ್ದೇನೆ. ಅರ್ಧ ಗಂಟೆ ಸಾಕು, ಒಂದು ಸಲ ಓದಿ. ಸಭೆಯಲ್ಲಿ ಅವನ್ನು ಮತ್ತೆ ಓದಿ ಹೇಳುವುದಿಲ್ಲ, ನೇರವಾಗಿ ಪ್ರಶ್ನೆಗಳಿಗೆ ಹೋಗುತ್ತೇವೆ.

ವಿಷಯ ಪಟ್ಟಿ

1. ಮನೆಮನೆಗೂ ನೀರಿನ ಮೀಟರ್ – ತೀರ್ಮಾನ ಆಗಬೇಕು (45 ನಿಮಿಷ)
2. ಕಾವೇರಿ ಸಂಪರ್ಕಕ್ಕೆ ಅರ್ಜಿ – ತೀರ್ಮಾನ ಆಗಬೇಕು (30 ನಿಮಿಷ)
3. ಮಳೆನೀರಿನ ಸಂಪು ದೊಡ್ಡದು ಮಾಡುವುದು – ಚರ್ಚೆ ಮಾತ್ರ (15 ನಿಮಿಷ)
4. ಎಸ್‌ಟಿಪಿ ನೀರಿನ ವಾಸನೆ – ವರದಿ (10 ನಿಮಿಷ)
5. ನೀವು ಸೇರಿಸುವ ವಿಷಯಗಳು (20 ನಿಮಿಷ)

ಮೀಟರ್ ವಿಷಯಕ್ಕೇ ಜಾಸ್ತಿ ಹೊತ್ತು ಇಟ್ಟಿದ್ದೇನೆ. ಜಗಳ ಆಗುವುದೂ ಅಲ್ಲೇ, ದುಡ್ಡು ಹೋಗುವುದೂ ಅಲ್ಲೇ.

ಮೊದಲನೇ ಕಾಗದ ಖಜಾಂಚಿಯವರು ಮಾಡಿದ ಟ್ಯಾಂಕರ್ ಲೆಕ್ಕ. ಹೋದ ವರ್ಷ ಜನವರಿಯಿಂದ ಮೇ ತನಕ 12,000 ಲೀಟರಿನ 158 ಟ್ಯಾಂಕರ್ ತರಿಸಿದ್ದೇವೆ. ಏಪ್ರಿಲ್ ಒಂದರಲ್ಲೇ 58. ಒಂದಕ್ಕೆ 1,450 ರೂಪಾಯಿಯಂತೆ ಆ ತಿಂಗಳು 84,100 ರೂಪಾಯಿ ಆಯಿತು. ಅದನ್ನು ಮನೆಗೆ ಇಷ್ಟು ಅಂತ ಸಮನಾಗಿ ಹಂಚಿದೆವು, ಸುಮಾರು ಸಾವಿರ ರೂಪಾಯಿ ಬಂತು. ಒಬ್ಬರೇ ಇರುವ ಮನೆಗೂ ಸಾವಿರ, ಆರು ಜನ ಇರುವ ಮನೆಗೂ ಸಾವಿರ. ಇದು ಸರಿಯಲ್ಲ ಅಂತ ಬಿ ಬ್ಲಾಕಿನ ಹಿರಿಯರು ಮೂರು ವರ್ಷದಿಂದ ಹೇಳುತ್ತಿದ್ದಾರೆ. ಅವರು ಹೇಳುವುದರಲ್ಲಿ ನ್ಯಾಯ ಇದೆ ಅನ್ನುವುದು ನನ್ನ ಅಭಿಪ್ರಾಯ.

ಆದರೆ ಮೀಟರ್ ಹಾಕುವುದು ಅಂದುಕೊಂಡಷ್ಟು ಸುಲಭ ಅಲ್ಲ. ಎರಡನೇ ಕಾಗದ ನೋಡಿದರೆ ಗೊತ್ತಾಗುತ್ತದೆ. ನಮ್ಮ ಕಟ್ಟಡದಲ್ಲಿ ಓವರ್‌ಹೆಡ್ ಟ್ಯಾಂಕಿನಿಂದ ಒಂದೊಂದು ಮನೆಗೆ ನಾಲ್ಕು ಕಡೆ ಪೈಪ್ ಇಳಿಯುತ್ತದೆ: ಎರಡು ಬಾತ್‌ರೂಮ್, ಅಡುಗೆಮನೆ, ಯುಟಿಲಿಟಿ. ಹಾಗಾಗಿ ಮನೆಗೆ ಒಂದು ಮೀಟರ್ ಸಾಲದು, ನಾಲ್ಕು ಬೇಕು. ಒಟ್ಟು 336. ಸ್ಮಾರ್ಟ್ ಮೀಟರ್‌ಗೆ ಬಂದ ಕೊಟೇಶನ್‌ನಲ್ಲಿ ಒಂದಕ್ಕೆ 4,200 ರೂಪಾಯಿ, ಅಂದರೆ 14,11,200. ಸಾದಾ ಮೀಟರ್ ಆದರೆ ಒಂದಕ್ಕೆ 1,800ರಂತೆ 6,04,800. ಅದರ ರೀಡಿಂಗ್ ಅನ್ನು ಪ್ರತಿ ತಿಂಗಳು ಯಾರಾದರೂ ಶಾಫ್ಟ್ ಬಾಗಿಲು ತೆಗೆದು ಬರೆದುಕೊಳ್ಳಬೇಕು. ಎರಡು ಕೊಟೇಶನ್‌ಗಳಲ್ಲೂ ಪ್ಲಂಬಿಂಗ್ ಕೂಲಿ ಸೇರಿಲ್ಲ, ಕೊನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿದ್ದಾರೆ. ಕಾರ್ಪಸ್ ಫಂಡ್‌ನಲ್ಲಿ ಈಗ 19 ಲಕ್ಷ ಇದೆ, ಅದರಲ್ಲೇ ಸಿ ಬ್ಲಾಕ್ ಲಿಫ್ಟಿನ ಕೆಲಸವೂ ಆಗಬೇಕು. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಓದಿ.

ಮೂರನೇ ಕಾಗದ ಕಾವೇರಿ ನೀರಿನದು. ನಮ್ಮ ಊರು 2007ರಲ್ಲಿ ಪಾಲಿಕೆಗೆ ಸೇರಿದ 110 ಹಳ್ಳಿಗಳಲ್ಲಿ ಒಂದು. ಈ ಹಳ್ಳಿಗಳಿಗೆಂದೇ ಮಾಡಿದ ಕಾವೇರಿ ಐದನೇ ಹಂತ 2024ರ ಅಕ್ಟೋಬರ್‌ನಲ್ಲಿ ಶುರುವಾಯಿತು, ದಿನಕ್ಕೆ 775 ದಶಲಕ್ಷ ಲೀಟರ್ ಅದರ ಸಾಮರ್ಥ್ಯ. ಜಲಮಂಡಳಿಯ ಪೈಪ್ ನಮ್ಮ ರಸ್ತೆಗೂ ಬಂದಿದೆ. ನಾವಿನ್ನೂ ಅರ್ಜಿಯನ್ನೇ ಹಾಕಿಲ್ಲ. ಸಂಪರ್ಕದ ಶುಲ್ಕ ದೊಡ್ಡದು ಅನ್ನುವುದು ಒಂದು ಆಕ್ಷೇಪ, ನೀರು ದಿನ ಬಿಟ್ಟು ದಿನ ಬಂದರೆ ಏನು ಮಾಡುವುದು ಅನ್ನುವುದು ಇನ್ನೊಂದು. ಎರಡಕ್ಕೂ ಉತ್ತರ ಹುಡುಕಿ ಎರಡು ಪುಟದಲ್ಲಿ ಬರೆದಿದ್ದೇನೆ. 2014ರ ನಂತರ ಮೊದಲ ಸಲ 2025ರ ಏಪ್ರಿಲ್‌ನಲ್ಲಿ ಮಂಡಳಿ ದರ ಏರಿಸಿತು. ಹಳೇ ದರದ ಮೇಲೆ ಮಾಡಿದ ಲೆಕ್ಕ ಯಾರ ಹತ್ತಿರವಾದರೂ ಇದ್ದರೆ ಅದನ್ನು ಬಿಟ್ಟುಬಿಡಿ.

ಮಳೆನೀರಿನ ಲೆಕ್ಕಕ್ಕೆ ಬೇರೆ ಕಾಗದ ಇಲ್ಲ, ಇಲ್ಲೇ ಹೇಳುತ್ತೇನೆ. ನಮ್ಮ ಮೂರು ತಾರಸಿ ಸೇರಿ ಸುಮಾರು 1,500 ಚದರ ಮೀಟರ್. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಬೆಂಗಳೂರಿಗೆ ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆ. ನೂರಕ್ಕೆ ಎಂಬತ್ತು ಭಾಗ ಹಿಡಿದರೂ ವರ್ಷಕ್ಕೆ ಹನ್ನೊಂದೂವರೆ ಲಕ್ಷ ಲೀಟರ್ ಮೇಲೆ ಸಿಗುತ್ತದೆ. ತಲೆಗೆ 135 ಲೀಟರ್, ಮನೆಗೆ ನಾಲ್ಕು ಜನ ಅಂತ ಲೆಕ್ಕ ಹಾಕಿದರೆ ನಮಗೆ ದಿನಕ್ಕೆ 45,000 ಲೀಟರ್ ಚಿಲ್ಲರೆ ಬೇಕು. ಅಂದರೆ ವರ್ಷದ ಮಳೆಯನ್ನೆಲ್ಲ ಹಿಡಿದಿಟ್ಟರೂ ಅದು 25 ದಿನದ ನೀರು. ಅಷ್ಟು ದೊಡ್ಡ ಸಂಪು ಕಟ್ಟಲು ನಮ್ಮಲ್ಲಿ ಜಾಗವೂ ಇಲ್ಲ. ಮಳೆನೀರೊಂದೇ ಸಾಕು ಅನ್ನುವವರು, ಮಳೆನೀರು ದಂಡ ಅನ್ನುವವರು, ಇಬ್ಬರೂ ಈ ಲೆಕ್ಕ ನೋಡಬೇಕು ಅನ್ನುವುದು ನನ್ನ ಆಸೆ. ಮಳೆನೀರು ಕೊಯ್ಲು ಸರಿಯಾಗಿಲ್ಲದಿದ್ದರೆ ಮಂಡಳಿಯ ಬಿಲ್ ಮೇಲೆ ದಂಡ ಬೀಳುತ್ತದೆ. ಹಾಗಾಗಿ ಕಾವೇರಿ ಸಂಪರ್ಕಕ್ಕೂ ಇದಕ್ಕೂ ನಂಟಿದೆ.

ಎಸ್‌ಟಿಪಿ ಬಗ್ಗೆ ಪ್ಲಾಂಟ್ ಆಪರೇಟರ್ 12:00ಕ್ಕೆ ಬಂದು ಹೇಳುತ್ತಾರೆ. ಪ್ರಶ್ನೆ ಅವರಿಗೇ ಕೇಳಿ.

ನಿಮ್ಮ ವಿಷಯ ಸೇರಿಸುವುದು ಹೇಗೆ

ಇದೇ ಮೇಲ್ ಜೊತೆ ಇರುವ ಗೂಗಲ್ ಶೀಟ್‌ನಲ್ಲಿ ಬರೆಯಿರಿ. ಶೀಟ್ ಒಗ್ಗದವರು ಗೇಟಿನಲ್ಲಿ ಸೆಕ್ಯುರಿಟಿಯವರ ಹತ್ತಿರ ಇಟ್ಟಿರುವ ಹಸಿರು ಪುಸ್ತಕದಲ್ಲಿ ಬರೆಯಬಹುದು, ನಾನೇ ಶೀಟ್‌ಗೆ ಹಾಕುತ್ತೇನೆ. ಮನೆ ನಂಬರ್, ವಿಷಯ ಏನು, ಎಷ್ಟು ನಿಮಿಷ ಬೇಕು, ತೀರ್ಮಾನ ಬೇಕೋ ಸುಮ್ನೆ ಗಮನಕ್ಕೆ ತರುವುದೋ, ಇಷ್ಟಿದ್ದರೆ ಸಾಕು. ಉದಾಹರಣೆಗೆ ಸಿ ಬ್ಲಾಕಿನಿಂದ ಆಗಲೇ ಒಂದು ಬಂದಿದೆ: "ಕಾರು ತೊಳೆಯುವವರು ಪೈಪ್ ಬಿಟ್ಟು ಬಕೆಟ್ ಬಳಸಬೇಕು. 5 ನಿಮಿಷ. ತೀರ್ಮಾನ." ಹೀಗೆ ಬರೆದರೆ ಚೆಂದ.

ಜನವರಿ 13, ಮಂಗಳವಾರ ರಾತ್ರಿಯೊಳಗೆ ಬರೆಯಿರಿ. ಹಬ್ಬದ ಮರುದಿನ, 16ರಂದು, ಕೊನೆಯ ಪಟ್ಟಿ ಕಳಿಸುತ್ತೇನೆ. ಇಪ್ಪತ್ತು ನಿಮಿಷಕ್ಕೆ ಹಿಡಿಸದಷ್ಟು ಬಂದರೆ ನೀರಿಗೆ ಹತ್ತಿರದವನ್ನು ಮೊದಲು ತೆಗೆದುಕೊಂಡು, ಉಳಿದದ್ದನ್ನು ಫೆಬ್ರವರಿ ಸಭೆಗೆ ಹಾಕುತ್ತೇನೆ. ಯಾವುದನ್ನೂ ಹೇಳದೆ ಕೈಬಿಡುವುದಿಲ್ಲ. ಪಾರ್ಕಿಂಗ್ ಸ್ಟಿಕ್ಕರ್, ನಾಯಿ, ಜಿಮ್ ಕೀಲಿ, ಇವು ಈ ಸಲ ಬೇಡ ದಯವಿಟ್ಟು.

ಮೇಲಿನ ಪಟ್ಟಿಯ ಕ್ರಮವೇ ಸರಿಯಿಲ್ಲ, ಕಾವೇರಿ ಮೊದಲು ಬರಬೇಕು ಅಂತ ಅನ್ನಿಸಿದರೆ ಅದನ್ನೂ ಶೀಟ್‌ನಲ್ಲಿ ಬರೆಯಿರಿ. ಕಾಗದದಲ್ಲಿ ಯಾವುದಾದರೂ ಅಂಕಿ ಅನುಮಾನ ಹುಟ್ಟಿಸಿದರೆ ಖಜಾಂಚಿಯವರನ್ನು ಸಭೆಗೆ ಮೊದಲೇ ಕೇಳಿ, ಮೂಲ ಬಿಲ್‌ಗಳು ಅವರ ಹತ್ತಿರ ಫೈಲ್‌ನಲ್ಲಿವೆ.

ಬಾಡಿಗೆಗೆ ಇರುವವರೂ ಬನ್ನಿ, ಮಾತಾಡಿ. ನೀರು ಬಳಸುವವರು ನೀವೇ ತಾನೇ. ಮತ ಹಾಕುವಾಗ ಮಾತ್ರ ಮಾಲೀಕರದ್ದು ಲೆಕ್ಕಕ್ಕೆ ಬರುತ್ತದೆ. ಊರಲ್ಲಿ ಇಲ್ಲದ ಮಾಲೀಕರು ತಮ್ಮ ಅಭಿಪ್ರಾಯವನ್ನು 17ರೊಳಗೆ ಈ ಮೇಲ್‌ಗೇ ಉತ್ತರವಾಗಿ ಕಳಿಸಿದರೆ ಸಭೆಯಲ್ಲಿ ಓದುತ್ತೇನೆ. ಭಾನುವಾರ ನಾವು ಮಾಡುವ ತೀರ್ಮಾನ ಶಿಫಾರಸು ಅಷ್ಟೇ. ಖರ್ಚಿಗೆ ಒಪ್ಪಿಗೆ ಸಿಗಬೇಕಾದದ್ದು ಮಾರ್ಚ್‌ನ ಸರ್ವಸದಸ್ಯರ ಸಭೆಯಲ್ಲಿ.

ಕಾಫಿ 10:15ಕ್ಕೇ ಇರುತ್ತದೆ. ಕುಡಿದೇ ಕೂತುಕೊಳ್ಳೋಣ, ನಡುವೆ ಬಿಡುವು ಇಲ್ಲ.

ಸುಜಾತಾ
ಕಾರ್ಯದರ್ಶಿ, ಅಪಾರ್ಟ್‌ಮೆಂಟ್ ನಿವಾಸಿಗಳ ಸಂಘ
ಜನವರಿ 8, 2026

ಲಗತ್ತು: ಟ್ಯಾಂಕರ್ ಲೆಕ್ಕ (1 ಪುಟ), ಮೀಟರ್ ಕೊಟೇಶನ್‌ಗಳು (6 ಪುಟ), ಕಾವೇರಿ ಸಂಪರ್ಕದ ಟಿಪ್ಪಣಿ (2 ಪುಟ)